ವಯಸ್ಸನ್ನು ಊಹಿಸುವ ಯಂತ್ರವೂ ಅದರ ಸರಾಸರಿ ದೋಷವೂ

ಪರಿಚಯವಿಲ್ಲದವರ ಮುಖವನ್ನು ಕಂಡೊಡನೆ ಅವರಿಗೆ ಇಷ್ಟು ವಯಸ್ಸಾಗಿರಬಹುದೆಂದು ಮನಸ್ಸಿನಲ್ಲಿಯೇ ಅಂದಾಜು ಮಾಡುವುದು ನಮಗೆಲ್ಲ ಸಹಜವಾಗಿ ಬಂದ ಅಭ್ಯಾಸ. ಇದೇ ಕೆಲಸವನ್ನು ಈಗ ಗಣಕಯಂತ್ರವೂ ಮಾಡುತ್ತಿದೆ. ಒಂದು ಭಾವಚಿತ್ರವನ್ನು ಅದಕ್ಕೆ ಒಪ್ಪಿಸಿದರೆ, ಅದು ಮುಖದ ಆಕಾರವನ್ನೂ ಚರ್ಮದ ಗೆರೆಗಳನ್ನೂ ಪರಿಶೀಲಿಸಿ ‘27 ವರ್ಷ’ ಎಂದೋ ‘41 ವರ್ಷ’ ಎಂದೋ ಒಂದು ಸಂಖ್ಯೆಯನ್ನು ಕೊಡುತ್ತದೆ. ಇದು ಪ್ರಯೋಗಶಾಲೆಯ ಚಮತ್ಕಾರವಾಗಿ ಮಾತ್ರ ಉಳಿದಿಲ್ಲ. ಆಸ್ಟ್ರೇಲಿಯದಲ್ಲಿ 16 ವರ್ಷ ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳಕೂಡದೆಂಬ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿತು. ಅಲ್ಲಿ ವಯಸ್ಸನ್ನು ಗೊತ್ತುಮಾಡಲು ಬಳಸುವ ಉಪಾಯಗಳಲ್ಲಿ ಮುಖಚಿತ್ರವನ್ನು ಯಂತ್ರಕ್ಕೆ ತೋರಿಸುವುದೂ ಒಂದು. ಹೀಗಿರುವಲ್ಲಿ ಯಂತ್ರದ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಯೋಚಿಸತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಸಂಖ್ಯೆಯ ಮೂಲಕ ಉತ್ತರ ಕೊಡುವುದುಂಟು. ಅದಕ್ಕೆ ‘ಸರಾಸರಿ ನಿರಪೇಕ್ಷ ದೋಷ’ ಎಂದು ಹೆಸರು. ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ದೋಷವನ್ನು ಅಳೆಯುವ ಕ್ರಮ

ಐದು ಮಂದಿಯ ಭಾವಚಿತ್ರಗಳನ್ನು ಯಂತ್ರಕ್ಕೆ ತೋರಿಸಿದೆವೆಂದು ಭಾವಿಸೋಣ. ಅವರ ನಿಜವಾದ ವಯಸ್ಸುಗಳು ಕ್ರಮವಾಗಿ 8, 15, 24, 37 ಮತ್ತು 60. ಯಂತ್ರವು ಹೇಳಿದ ವಯಸ್ಸುಗಳು 10, 14, 27, 33 ಮತ್ತು 50. ಯಂತ್ರ ಹೇಳಿದ್ದರಿಂದ ನಿಜವಾದ ವಯಸ್ಸನ್ನು ಕಳೆದರೆ ದೋಷವು ದೊರೆಯುತ್ತದೆ: +2, −1, +3, −4, −10. ಈ ಐದನ್ನೂ ಚಿಹ್ನೆಸಹಿತವಾಗಿ ಕೂಡಿ 5ರಿಂದ ಭಾಗಿಸಿದರೆ −2 ಬರುತ್ತದೆ. ಇದನ್ನು ನೋಡಿ ಯಂತ್ರವು ಎರಡೇ ವರ್ಷ ತಪ್ಪುತ್ತದೆಂದು ತಿಳಿದರೆ ಅದು ಸರಿಯಾಗಲಾರದು. ಒಬ್ಬನಿಗೆ ಹೆಚ್ಚಾಗಿ ಹೇಳಿದ ತಪ್ಪು ಮತ್ತೊಬ್ಬನಿಗೆ ಕಡಿಮೆಯಾಗಿ ಹೇಳಿದ ತಪ್ಪಿನೊಡನೆ ವಜಾ ಆಗಿಹೋಗಿದೆ. ಆದುದರಿಂದ ಧನ ಋಣ ಚಿಹ್ನೆಗಳನ್ನು ಬಿಟ್ಟು ದೋಷದ ಪರಿಮಾಣಗಳನ್ನು ಮಾತ್ರ ಕೂಡಬೇಕು: 2 + 1 + 3 + 4 + 10 = 20. ಇದನ್ನು 5ರಿಂದ ಭಾಗಿಸಿದರೆ 4 ವರ್ಷ. ಇದೇ ಸರಾಸರಿ ನಿರಪೇಕ್ಷ ದೋಷ. ಸೂತ್ರರೂಪದಲ್ಲಿ ಹೇಳುವುದಾದರೆ,

MAE = (|e₁| + |e₂| + … + |eₙ|) ÷ n

ಇಲ್ಲಿ e ಎಂಬುದು ಒಂದೊಂದು ಚಿತ್ರದ ದೋಷ. n ಎಂಬುದು ಚಿತ್ರಗಳ ಸಂಖ್ಯೆ. ಚಿಹ್ನೆಯನ್ನು ಬಿಡುವುದಕ್ಕೆ ದೋಷಗಳನ್ನು ವರ್ಗ ಮಾಡುವ ಇನ್ನೊಂದು ರೀತಿಯೂ ಉಂಟು. ಆದರೆ ಆಗ ಒಂದೆರಡು ದೊಡ್ಡ ತಪ್ಪುಗಳೇ ಇಡೀ ಲೆಕ್ಕವನ್ನು ಆಳಿಬಿಡುತ್ತವೆ. ನಿರಪೇಕ್ಷ ದೋಷವಾದರೋ ಪ್ರತಿಯೊಂದು ವರ್ಷದ ತಪ್ಪಿಗೂ ಒಂದೇ ಬೆಲೆ ಕಟ್ಟುತ್ತದೆ. ಉತ್ತರವೂ ವರ್ಷಗಳಲ್ಲಿಯೇ ಬರುವುದರಿಂದ ಯಾರಿಗಾದರೂ ಅರ್ಥವಾಗುತ್ತದೆ. ಈ ಗುಣಗಳಿಂದಾಗಿಯೇ ಅದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಅಳತೆಗೋಲಾಗಿದೆ.

ಆದರೂ ಒಂದು ಮಾತನ್ನು ಈಗಲೇ ಮನಸ್ಸಿನಲ್ಲಿಡಬೇಕು. ಸರಾಸರಿ ದೋಷ 4 ವರ್ಷ ಎಂದರೆ ಪ್ರತಿಯೊಬ್ಬನ ವಿಷಯದಲ್ಲಿಯೂ ತಪ್ಪು 4 ವರ್ಷವೆಂದು ಅರ್ಥವಲ್ಲ. ಮೇಲಿನ ಐವರಲ್ಲಿ ಹುಡುಗರ ವಿಷಯದಲ್ಲಿ ತಪ್ಪು ಒಂದೆರಡು ವರ್ಷ ಮಾತ್ರ. 60 ವರ್ಷದವರ ವಿಷಯದಲ್ಲಿ ಹತ್ತು ವರ್ಷ. ಸರಾಸರಿಯು ಈ ಅಂತರವನ್ನು ತನ್ನೊಳಗೆ ಅಡಗಿಸಿಕೊಂಡಿದೆ.

1002 ಭಾವಚಿತ್ರಗಳು

ಯಂತ್ರಕ್ಕೆ ವಯಸ್ಸಿನ ಜ್ಞಾನವು ತಾನಾಗಿ ಬರುವುದಿಲ್ಲ. ವಯಸ್ಸು ಗೊತ್ತಿರುವ ನೂರಾರು ಸಾವಿರಾರು ಭಾವಚಿತ್ರಗಳನ್ನು ಅದಕ್ಕೆ ತೋರಿಸಿ, ಇಂಥ ಮುಖಕ್ಕೆ ಇಷ್ಟು ವಯಸ್ಸು ಎಂಬ ಸಂಬಂಧವನ್ನು ಕಲಿಸಬೇಕು. ಇವನ್ನು ಕಲಿಕೆಯ ಚಿತ್ರಗಳೆಂದು ಕರೆಯೋಣ. ಕಲಿತಾದ ಮೇಲೆ ಅದು ಹಿಂದೆ ಕಂಡಿರದ ಬೇರೆ ಚಿತ್ರಗಳನ್ನು ತೋರಿಸಿ ದೋಷವನ್ನು ಅಳೆಯಬೇಕು. ಇವು ಪರೀಕ್ಷೆಯ ಚಿತ್ರಗಳು.

ಇಂಥ ಚಿತ್ರಸಂಗ್ರಹಗಳಲ್ಲಿ ಬಹುಕಾಲ ಪ್ರಸಿದ್ಧವಾಗಿದ್ದುದು ಯುರೋಪಿನ ಒಂದು ಸಂಶೋಧನಾ ಯೋಜನೆಯಲ್ಲಿ ಸಿದ್ಧವಾಗಿ, 2004ರಲ್ಲಿ ಸಂಶೋಧಕರ ಕೈಸೇರಿದ ‘ಎಫ್‌ಜಿ-ನೆಟ್’ ಎಂಬ ಸಂಗ್ರಹ. ಅದರಲ್ಲಿ 82 ಮಂದಿಯ 1002 ಚಿತ್ರಗಳಿವೆ. ಒಬ್ಬೊಬ್ಬರಿಗೆ ಸರಾಸರಿ ಹನ್ನೆರಡು ಚಿತ್ರಗಳಾದವು. ಹಸುಗೂಸಿನಿಂದ ಮೊದಲುಗೊಂಡು 69 ವರ್ಷದವರೆಗಿನ ಮುಖಗಳು ಅದರಲ್ಲಿವೆ. ಒಬ್ಬನೇ ವ್ಯಕ್ತಿ ಶಿಶುವಾಗಿ, ಬಾಲಕನಾಗಿ, ತರುಣನಾಗಿ ಕಾಣಿಸಿಕೊಳ್ಳುವುದು ಈ ಸಂಗ್ರಹದ ವಿಶೇಷ. ಚಿತ್ರಗಳಲ್ಲಿ ಹೆಚ್ಚಿನವು ಮನೆಯ ಆಲ್ಬಮ್ಮುಗಳಿಂದ ಬಂದವು.

ಆಲ್ಬಮ್ಮಿನ ಸ್ವಭಾವವನ್ನು ಬಲ್ಲವರಿಗೆ ಮುಂದಿನ ಕಥೆ ಅರ್ಧ ತಿಳಿದಂತೆಯೇ ಆಯಿತು. ಮನೆಯಲ್ಲಿ ಮಕ್ಕಳ ಚಿತ್ರಗಳನ್ನು ಪದೇ ಪದೇ ತೆಗೆಯುತ್ತಾರೆ. ಹಿರಿಯರ ಚಿತ್ರಗಳು ಅಪರೂಪ. ಮೇಲಾಗಿ ಯೌವನದಲ್ಲಿರುವವನ ಆಲ್ಬಮ್ಮಿನಲ್ಲಿ ಅವನ ಬಾಲ್ಯದ ಚಿತ್ರಗಳಿರಬಹುದಲ್ಲದೆ ಮುಪ್ಪಿನ ಚಿತ್ರಗಳು ಇರುವಂತಿಲ್ಲ. ಈ ಕಾರಣಗಳಿಂದ 1002 ಚಿತ್ರಗಳಲ್ಲಿ 710, ಅಂದರೆ ನೂರಕ್ಕೆ ಸುಮಾರು 71, ಇಪ್ಪತ್ತು ವರ್ಷ ತುಂಬದವರವು. ಐವತ್ತು ದಾಟಿದವರ ಚಿತ್ರಗಳು 23 ಮಾತ್ರ.

2007ರಲ್ಲಿ ಷುಯಿಚೆಂಗ್ ಯಾನ್ ಮತ್ತು ಅವರ ಸಂಗಡಿಗರು ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ಅದನ್ನು ಈ ಸಂಗ್ರಹದ ಮೇಲೆಯೇ ಪರೀಕ್ಷಿಸಲಾಯಿತು. ಈ ಸಂಗ್ರಹದಲ್ಲಿ ರೂಢಿಯಾಗಿರುವ ಪರೀಕ್ಷೆಯ ಕ್ರಮ ಹೀಗಿದೆ. 82 ಮಂದಿಯಲ್ಲಿ ಒಬ್ಬನ ಎಲ್ಲ ಚಿತ್ರಗಳನ್ನೂ ಬದಿಗಿಟ್ಟು, ಉಳಿದ 81 ಮಂದಿಯ ಚಿತ್ರಗಳಿಂದ ಯಂತ್ರಕ್ಕೆ ಕಲಿಸಿ, ಅನಂತರ ಬದಿಗಿಟ್ಟವನ ಚಿತ್ರಗಳನ್ನು ತೋರಿಸಬೇಕು. ಹೀಗೆ 82 ಸಲ ಮಾಡಿದರೆ ಪ್ರತಿಯೊಬ್ಬನ ಪರೀಕ್ಷೆಯೂ ಮುಗಿಯುತ್ತದೆ. ಪರಿಚಿತ ಮುಖವನ್ನು ಗುರುತು ಹಿಡಿದು ವಯಸ್ಸು ಹೇಳುವ ಅವಕಾಶ ಯಂತ್ರಕ್ಕೆ ಇರಬಾರದೆಂಬುದೇ ಇದರ ಉದ್ದೇಶ. ಹೊಸ ವಿಧಾನದ ಸರಾಸರಿ ನಿರಪೇಕ್ಷ ದೋಷ 5.78 ವರ್ಷ ಎಂದು ಕಂಡುಬಂದಿತು. ಅಂದಿನ ಕಾಲಕ್ಕೆ ಇದು ಮೆಚ್ಚತಕ್ಕ ಫಲಿತಾಂಶವೇ ಸರಿ.

ಸರಾಸರಿಯನ್ನು ಬಿಡಿಸಿ ನೋಡಿದರೆ

ಈ 5.78 ಎಂಬ ಸಂಖ್ಯೆಯನ್ನು ವಯಸ್ಸಿನ ದಶಕಗಳಾಗಿ ಬಿಡಿಸಿದಾಗ ಕಾಣುವ ಚಿತ್ರವೇ ಬೇರೆ. ಕೆಳಗಿನ ಕೋಷ್ಟಕದ ಕೊನೆಯ ಸಾಲು ಚಿತ್ರಗಳ ಸಂಖ್ಯೆಯನ್ನು ಸರಾಸರಿ ದೋಷದಿಂದ ಗುಣಿಸಿದ್ದು.

| ವಯಸ್ಸು | ಚಿತ್ರಗಳು | ಸರಾಸರಿ ದೋಷ (ವರ್ಷ) | ಒಟ್ಟು ದೋಷ (ವರ್ಷ) |
|---|---|---|---|
| 0–9 | 371 | 2.51 | 931 |
| 10–19 | 339 | 3.76 | 1275 |
| 20–29 | 144 | 6.38 | 919 |
| 30–39 | 79 | 12.51 | 988 |
| 40–49 | 46 | 20.09 | 924 |
| 50–59 | 15 | 28.07 | 421 |
| 60–69 | 8 | 42.50 | 340 |
| ಒಟ್ಟು | 1002 | | 5798 |

5798ನ್ನು 1002ರಿಂದ ಭಾಗಿಸಿದರೆ 5.79 ಬರುತ್ತದೆ. ದಶಮಾಂಶಗಳನ್ನು ಹತ್ತಿರದ ಅಂಕಿಗೆ ತಂದುದರಿಂದ ಆಗಿರುವ ಅಲ್ಪ ವ್ಯತ್ಯಾಸವನ್ನು ಬಿಟ್ಟರೆ ಪ್ರಕಟವಾದ ಸಂಖ್ಯೆ ಇದೇ. ಲೆಕ್ಕದಲ್ಲಿ ಎಲ್ಲಿಯೂ ಮೋಸವಿಲ್ಲ. ಆದರೆ ಮೂರನೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿರಿ. ಎರಡೂವರೆ ವರ್ಷದಿಂದ ಹೊರಟ ದೋಷವು ನಲವತ್ತೆರಡೂವರೆ ವರ್ಷಕ್ಕೆ ಹೋಗಿ ಮುಟ್ಟಿದೆ!

ಕೊನೆಯ ಸಂಖ್ಯೆಯ ಅರ್ಥವನ್ನು ಸ್ವಲ್ಪ ವಿಚಾರ ಮಾಡೋಣ. ಅರವತ್ತು ದಾಟಿದವರ ವಿಷಯದಲ್ಲಿ ಯಂತ್ರವು ಹೆಚ್ಚಾಗಿ ಹೇಳಿ ತಪ್ಪಿರಲಾರದು; ಹಾಗೆ ತಪ್ಪಬೇಕಾದರೆ ಅದು ನೂರು ವರ್ಷಕ್ಕೂ ಮಿಕ್ಕ ವಯಸ್ಸನ್ನು ಹೇಳಬೇಕಾಗಿತ್ತು. ಅಂಥ ಮುಖವನ್ನು ಅದು ಕಂಡೇ ಇಲ್ಲ. ಆದುದರಿಂದ ತಪ್ಪೆಲ್ಲ ಕಡಿಮೆಯ ಕಡೆಗೇ ಆಗಿರಬೇಕು. ಅರವತ್ತರಲ್ಲಿ ಕಳೆದರೆ ಹದಿನೇಳೂವರೆ, ಅರವತ್ತೊಂಬತ್ತರಲ್ಲಿ ಕಳೆದರೆ ಇಪ್ಪತ್ತಾರೂವರೆ. ಎಂದರೆ ಯಂತ್ರವು ಈ ವೃದ್ಧರನ್ನೆಲ್ಲ ಸರಾಸರಿಯಲ್ಲಿ ಕಾಲೇಜಿಗೆ ಹೋಗುವ ಇಲ್ಲವೆ ಈಗತಾನೆ ಕೆಲಸಕ್ಕೆ ಸೇರಿದ ತರುಣರೆಂದು ಭಾವಿಸಿದೆ.

ಇನ್ನೊಂದು ಹೋಲಿಕೆಯನ್ನೂ ಮಾಡಬಹುದು. ಚಿತ್ರವನ್ನೇ ನೋಡದೆ, ‘ಇವರು ದೊಡ್ಡವರು’ ಎಂದು ಯಾರೋ ಹೇಳಿದೊಡನೆ ಕಣ್ಣು ಮುಚ್ಚಿಕೊಂಡು ‘30’ ಎಂದುಬಿಡುವ ಒಬ್ಬ ಸೋಮಾರಿಯನ್ನು ಕಲ್ಪಿಸಿಕೊಳ್ಳಿರಿ. ಮೂವತ್ತರ ದಶಕದವರಲ್ಲಿ ಅವನ ತಪ್ಪು ಒಂಬತ್ತು ವರ್ಷವನ್ನು ಮೀರಲಾರದು, ಯಂತ್ರದ್ದು ಹನ್ನೆರಡೂವರೆ. ನಲವತ್ತರ ದಶಕದಲ್ಲಿ ಅವನ ತಪ್ಪು ಹತ್ತೊಂಬತ್ತನ್ನು ಮೀರದು; ಯಂತ್ರದ್ದು ಇಪ್ಪತ್ತು. ಅರವತ್ತರ ದಶಕದಲ್ಲಿ ಅವನದು ಮೂವತ್ತೊಂಬತ್ತನ್ನು ಮೀರದು, ಯಂತ್ರದ್ದು ನಲವತ್ತೆರಡೂವರೆ. ದೊಡ್ಡವರೆಂಬ ಸುಳಿವು ಯಂತ್ರಕ್ಕೆ ದೊರೆತಿರಲಿಲ್ಲವೆಂಬುದು ನಿಜ. ಆದರೆ ಮುಖವನ್ನು ನೋಡಿ ಅಷ್ಟನ್ನಾದರೂ ತಿಳಿಯಬೇಕಾಗಿದ್ದುದು ಅದರ ಕೆಲಸವೇ ಅಲ್ಲವೆ?

ಸಂದೇಹ ಬಂದಾಗ ಯಂತ್ರವು ಎತ್ತ ವಾಲುತ್ತದೆ?

ಯಂತ್ರಕ್ಕೆ ಮುದುಕರ ಮೇಲೆ ದ್ವೇಷವೇನೂ ಇಲ್ಲ. ಒಟ್ಟು ದೋಷವನ್ನು ಸಾಧ್ಯವಾದಷ್ಟು ಕಡಿಮೆ ಮಾಡು ಎಂಬ ಆಜ್ಞೆಯನ್ನು ಅದು ನಿಷ್ಠೆಯಿಂದ ಪಾಲಿಸುತ್ತದೆ. ಆ ನಿಷ್ಠೆಯೇ ಅದನ್ನು ತಪ್ಪು ದಾರಿಗೆ ಎಳೆಯುತ್ತದೆ. ಹೇಗೆಂಬುದನ್ನು ಒಂದು ಸರಳವಾದ ಉದಾಹರಣೆಯಿಂದ ತಿಳಿಯೋಣ.

ಒಂದು ಕೋಣೆಯಲ್ಲಿ ಐವರಿದ್ದಾರೆ. ಅವರ ವಯಸ್ಸು 18, 19, 20, 22 ಮತ್ತು 61. ಅವರಲ್ಲಿ ಯಾರು ಹೊರಗೆ ಬರುತ್ತಾರೆಂದು ತಿಳಿಯದೆ, ಎಲ್ಲರಿಗೂ ಒಂದೇ ಉತ್ತರವನ್ನು ನೀವು ಹೇಳಬೇಕು. ಯಾವ ಉತ್ತರವನ್ನು ಹೇಳಿದರೆ ಒಟ್ಟು ತಪ್ಪು ಕಡಿಮೆಯಾದೀತು? ಸರಾಸರಿಯಾದ 28ನ್ನು ಹೇಳಿದರೆ ದೋಷಗಳು 10, 9, 8, 6, 33, ಮೊತ್ತ 66. ಸಾಲಿನ ನಡುವೆ ನಿಂತ 20ನ್ನು ಹೇಳಿದರೆ ದೋಷಗಳು 2, 1, 0, 2, 41, ಮೊತ್ತ 46. ಬೇರೆ ಯಾವ ಸಂಖ್ಯೆಯನ್ನು ಹೇಳಿದರೂ ಇದಕ್ಕಿಂತ ಕಡಿಮೆಯಾಗದು. ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟ ನಡುವೆ ಬರುವ ಇಂಥ ಬೆಲೆಗೆ ಮಧ್ಯಾಂಕವೆಂದು ಹೆಸರು. ನಿರಪೇಕ್ಷ ದೋಷದ ಮೊತ್ತವನ್ನು ಕನಿಷ್ಠಗೊಳಿಸುವುದು ಯಾವಾಗಲೂ ಮಧ್ಯಾಂಕವೇ. ಮಧ್ಯಾಂಕವು ಗುಂಪು ಹೆಚ್ಚಿರುವ ಕಡೆ ಇರುತ್ತದೆ. ಒಂಟಿಯಾಗಿ ದೂರದಲ್ಲಿ ನಿಂತ 61 ವರ್ಷದವನು ಅದನ್ನು ತನ್ನ ಕಡೆಗೆ ಎಳೆದುಕೊಳ್ಳಲಾರ. ಅವನಿಗೆ 71 ಆಗಲಿ 91 ಆಗಲಿ, ಉತ್ತರ 20 ಆಗಿಯೇ ಉಳಿಯುತ್ತದೆ.

ಈಗ ನಮ್ಮ 1002 ಚಿತ್ರಗಳಿಗೆ ಬರೋಣ. ಒಂದು ಚಿತ್ರವು ಮಸುಕಾಗಿದೆ. ‘ಈ ಮುಖಕ್ಕೆ ಇಪ್ಪತ್ತು ದಾಟಿದೆ’ ಎಂಬುದಕ್ಕಿಂತ ಹೆಚ್ಚಾಗಿ ಯಂತ್ರಕ್ಕೆ ಏನೂ ತಿಳಿಯುತ್ತಿಲ್ಲ. ಇಪ್ಪತ್ತು ದಾಟಿದವರ ಚಿತ್ರಗಳು ಒಟ್ಟು 292. ಅದರಲ್ಲಿ ಅರ್ಧ 146. ಅವುಗಳಲ್ಲಿ ಮೊದಲ 144 ಇಪ್ಪತ್ತರ ದಶಕದಲ್ಲಿಯೇ ಮುಗಿಯುವುದರಿಂದ ಮಧ್ಯಾಂಕವು ಮೂವತ್ತರ ಹೊಸ್ತಿಲಿನಲ್ಲಿ ಬೀಳುತ್ತದೆ. ಆದುದರಿಂದ ಯಂತ್ರದ ಪಾಲಿಗೆ ಅತ್ಯುತ್ತಮವಾದ ಉತ್ತರ ಸುಮಾರು 30. ಚಿತ್ರದಲ್ಲಿರುವವರು 65 ವರ್ಷದವರಾಗಿದ್ದರೆ 35 ವರ್ಷದ ತಪ್ಪಾಯಿತು. ಐದು ದಶಕಗಳಿಗೂ ಸಮನಾಗಿ ಚಿತ್ರಗಳಿದ್ದಿದ್ದರೆ ಮಧ್ಯಾಂಕವು 45ರ ಸುಮಾರಿಗೆ ಬಂದು, ಅದೇ ಮಸುಕಾದ ಚಿತ್ರಕ್ಕೆ 20 ವರ್ಷದ ತಪ್ಪಾಗುತ್ತಿತ್ತು. ಮಸುಕಿನಿಂದಾದ ತಪ್ಪು 20. ಹಂಚಿಕೆಯ ಓರೆಯಿಂದ ಅದರ ಮೇಲೆ ಸೇರಿದ್ದು 15.

ಎಲ್ಲ ಯಂತ್ರಗಳೂ ನಿರಪೇಕ್ಷ ದೋಷವನ್ನೇ ಆಧಾರವಾಗಿಟ್ಟುಕೊಂಡು ಕಲಿಯುವುದಿಲ್ಲ. ದೋಷದ ವರ್ಗವನ್ನು ಕನಿಷ್ಠಗೊಳಿಸುವ ಯಂತ್ರವು ಸಂದೇಹ ಬಂದಾಗ ಮಧ್ಯಾಂಕಕ್ಕೆ ಬದಲಾಗಿ ಸರಾಸರಿಯ ಕಡೆಗೆ ವಾಲುತ್ತದೆ. ಆದರೆ ಸರಾಸರಿಯೂ ಹೆಚ್ಚು ಚಿತ್ರಗಳಿರುವ ಕಡೆಗೇ ಎಳೆಯಲ್ಪಡುತ್ತದೆಯಾದ್ದರಿಂದ ವಾಲುವ ದಿಕ್ಕು ಬದಲಾಗುವುದಿಲ್ಲ. ಸಂದೇಹವು ಹೆಚ್ಚಾದಷ್ಟೂ ವಾಲುವುದು ಹೆಚ್ಚು. ಎಲ್ಲಿ ಕಲಿಕೆಯ ಚಿತ್ರಗಳು ಕಡಿಮೆಯೋ ಅಲ್ಲಿಯೇ ಸಂದೇಹವೂ ಹೆಚ್ಚು. ಹೀಗಾಗಿ ಅಪರೂಪದ ವಯಸ್ಸಿನವರಿಗೆ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತದೆ.

ಕೆಡಿಸಿದ್ದೂ ಅದೇ, ಮುಚ್ಚಿದ್ದೂ ಅದೇ

ಇಷ್ಟು ದೊಡ್ಡ ತಪ್ಪು 5.78 ಎಂಬ ಸೌಮ್ಯವಾದ ಸಂಖ್ಯೆಯ ಹಿಂದೆ ಅಡಗಿದ್ದು ಹೇಗೆ? ಕಲಿಕೆಗೂ ಪರೀಕ್ಷೆಗೂ ಒಂದೇ ಸಂಗ್ರಹವನ್ನು ಬಳಸಿದುದರಿಂದ. ಕಲಿಕೆಯಲ್ಲಿ ವೃದ್ಧರು ವಿರಳವಾದುದರಿಂದ ಯಂತ್ರವು ಅವರನ್ನು ಸರಿಯಾಗಿ ಅರಿಯಲಿಲ್ಲ. ಪರೀಕ್ಷೆಯಲ್ಲಿಯೂ ಅವರು ಅಷ್ಟೇ ವಿರಳವಾದುದರಿಂದ ಆ ಅಜ್ಞಾನವು ಸರಾಸರಿಯಲ್ಲಿ ಕಾಣಿಸಿಕೊಳ್ಳಲಿಲ್ಲ. ಫಲಿತಾಂಶವನ್ನು ಕೆಡಿಸಿದ ಓರೆಯೇ ಕೆಟ್ಟುದನ್ನು ಮುಚ್ಚಿಯೂ ಬಿಟ್ಟಿತು. ಈ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದುದು ಇದನ್ನೇ.

ಯಂತ್ರವನ್ನು ಸುಧಾರಿಸುವವನ ಸ್ಥಾನದಲ್ಲಿ ನಿಂತು ನೋಡಿದರೆ ಇದರ ಪರಿಣಾಮ ಇನ್ನೂ ಸ್ಪಷ್ಟವಾಗುತ್ತದೆ. ಅವನು ಏನೋ ಪವಾಡ ಮಾಡಿ ಅರವತ್ತರ ದಶಕದ ಎಂಟು ಚಿತ್ರಗಳ ದೋಷವನ್ನು 42.5ರಿಂದ ಸೊನ್ನೆಗೆ ಇಳಿಸಿದನೆನ್ನೋಣ. ಒಟ್ಟು ದೋಷದಲ್ಲಿ 340 ಕಳೆಯುತ್ತದೆ. ಸರಾಸರಿಯಲ್ಲಿ ಕಡಿಮೆಯಾಗುವುದು 340 ÷ 1002, ಅಂದರೆ 0.34 ವರ್ಷ. ಅದಕ್ಕೆ ಬದಲಾಗಿ ಅವನು ಮಕ್ಕಳ ದಶಕದಲ್ಲಿ ಒಂದೇ ಒಂದು ವರ್ಷದಷ್ಟು ದೋಷವನ್ನು ತಗ್ಗಿಸಿದರೆ 371 ಕಳೆದು ಸರಾಸರಿಯಲ್ಲಿ 0.37 ವರ್ಷ ಕಡಿಮೆಯಾಗುತ್ತದೆ. ಎಲ್ಲ ವೃದ್ಧರನ್ನೂ ಸಂಪೂರ್ಣವಾಗಿ ಸರಿಪಡಿಸುವುದಕ್ಕಿಂತ ಮಕ್ಕಳಲ್ಲಿ ಒಂದು ವರ್ಷ ಸರಿಪಡಿಸುವುದೇ ಹೆಚ್ಚು ಲಾಭವೆಂದು ಅಳತೆಗೋಲು ಹೇಳುತ್ತಿದೆ! ಇನ್ನೊಂದು ಯಂತ್ರಕ್ಕಿಂತ ತನ್ನದು ಮೇಲೆಂದು ತೋರಿಸಬಯಸುವವನು ಯಾವುದನ್ನು ಆರಿಸುತ್ತಾನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರತಿಯೊಂದು ದಶಕಕ್ಕೂ ಸಮನಾದ ತೂಕವನ್ನು ಕೊಟ್ಟು ಲೆಕ್ಕ ಹಾಕಿದರೆ ಏನಾಗುತ್ತದೆ? ಮೂರನೆಯ ಸಾಲಿನ ಏಳು ಸಂಖ್ಯೆಗಳನ್ನೂ ಕೂಡಿದರೆ 115.82, ಏಳರಿಂದ ಭಾಗಿಸಿದರೆ 16.55 ವರ್ಷ. ಅದೇ ಯಂತ್ರ, ಅದೇ ಚಿತ್ರಗಳು, ಅದೇ ಉತ್ತರಗಳು. ಒಂದು ಲೆಕ್ಕದಲ್ಲಿ 5.78, ಇನ್ನೊಂದರಲ್ಲಿ 16.55. ಎರಡೂ ಸುಳ್ಳಲ್ಲ. ಮೊದಲನೆಯದು ‘ಈ ಆಲ್ಬಮ್ಮಿನಿಂದ ಕಣ್ಣು ಮುಚ್ಚಿ ಒಂದು ಚಿತ್ರವನ್ನು ತೆಗೆದರೆ ಎಷ್ಟು ತಪ್ಪಾದೀತು?’ ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು ‘ಎಲ್ಲ ವಯಸ್ಸಿನವರೂ ಸಮನಾಗಿ ಬರುವ ಬಾಗಿಲಿನಲ್ಲಿ ಈ ಯಂತ್ರವನ್ನು ನಿಲ್ಲಿಸಿದರೆ ಎಷ್ಟು ತಪ್ಪಾದೀತು?’ ಎಂಬ ಪ್ರಶ್ನೆಗೆ ಉತ್ತರ. ಯಂತ್ರವನ್ನು ಬಳಸುವವನಿಗೆ ಬೇಕಾದುದು ಯಾವ ಪ್ರಶ್ನೆಯ ಉತ್ತರವೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಓರೆಯು ಇನ್ನೊಂದು ಕಡೆಗಿದ್ದರೆ

ಓರೆಯು ಯಾವಾಗಲೂ ಮಕ್ಕಳ ಕಡೆಗೇ ಇರಬೇಕೆಂದಿಲ್ಲ. ಅಮೆರಿಕದಲ್ಲಿ ಸಿದ್ಧವಾದ ‘ಮಾರ್ಫ್’ ಎಂಬ ಸಂಗ್ರಹದ ಎರಡನೆಯ ಭಾಗದಲ್ಲಿ 13,000ಕ್ಕೂ ಹೆಚ್ಚು ಮಂದಿಯ ಸುಮಾರು 55,000 ಚಿತ್ರಗಳಿವೆ. ಇವು ಪೊಲೀಸರು ಬಂಧಿತರಿಂದ ತೆಗೆದ ಚಿತ್ರಗಳಾದುದರಿಂದ ವಯಸ್ಸು 16ರಿಂದ ಆರಂಭವಾಗಿ 77ಕ್ಕೆ ಮುಗಿಯುತ್ತದೆ. ಸ್ತ್ರೀಯರ ಚಿತ್ರಗಳು ನೂರಕ್ಕೆ ಹದಿನೈದರಷ್ಟು ಮಾತ್ರ. ಈ ಸಂಗ್ರಹದ ಮೇಲೆ ಮೂರು ವರ್ಷಕ್ಕೂ ಕಡಿಮೆ ಸರಾಸರಿ ದೋಷವನ್ನು ಸಾಧಿಸಿದ ಯಂತ್ರಗಳು ಅನೇಕ. ಆದರೆ ಈ ಸಂಗ್ರಹವೊಂದರಿಂದಲೇ ಕಲಿತ ಯಂತ್ರದ ಮುಂದೆ 12 ವರ್ಷದ ಹುಡುಗಿಯೊಬ್ಬಳನ್ನು ನಿಲ್ಲಿಸಿದರೆ ಏನಾದೀತು? ಹದಿನಾರಕ್ಕಿಂತ ಕಡಿಮೆ ವಯಸ್ಸಿನ ಒಂದು ಮುಖವನ್ನೂ ಅದು ಕಂಡಿಲ್ಲ. ಅದರ ಪಾಲಿಗೆ ವಯಸ್ಸೆಂಬುದು ಹದಿನಾರರಿಂದಲೇ ಪ್ರಾರಂಭ. ಸಹಜವಾಗಿ ಅದರ ಉತ್ತರವು ಹದಿನಾರರ ಮೇಲಕ್ಕೆ ಸರಿಯುತ್ತದೆ.

ಹದಿನಾರು ಎಂಬ ಗಡಿಯನ್ನೇ ಕಾಯಬೇಕಾದ ಸ್ಥಳದಲ್ಲಿ ಇಂಥ ಯಂತ್ರವನ್ನು ನಿಲ್ಲಿಸಿದರೆ ತಡೆಯಬೇಕಾದ ಮಗುವನ್ನು ಅದು ಒಳಗೆ ಬಿಡುತ್ತದೆ. ಮಕ್ಕಳ ಚಿತ್ರಗಳೇ ತುಂಬಿರುವ ಸಂಗ್ರಹದಿಂದ ಕಲಿತ ಯಂತ್ರವು ಇದಕ್ಕೆ ವಿರುದ್ಧವಾಗಿ, ಇಪ್ಪತ್ತೆರಡು ವರ್ಷದವರನ್ನು ಹದಿನೈದೆಂದು ಹೇಳಿ ಹೊರಗೆ ನಿಲ್ಲಿಸಬಹುದು. ಎರಡು ಯಂತ್ರಗಳ ಸರಾಸರಿ ದೋಷವೂ ಕಾಗದದ ಮೇಲೆ ಚಿಕ್ಕದಾಗಿಯೇ ಇರಬಹುದು. ಗಡಿಯ ಹತ್ತಿರದಲ್ಲಿ ದೋಷವೆಷ್ಟು, ಅದು ಯಾವ ದಿಕ್ಕಿಗೆ ಎಂಬುದನ್ನು ಸರಾಸರಿಯು ತಿಳಿಸುವುದಿಲ್ಲ.

ಓರೆಯನ್ನು ಕಂಡುಹಿಡಿಯುವ ಉಪಾಯ

ಮೊದಲನೆಯ ಉಪಾಯವನ್ನು ಈಗಾಗಲೇ ನೋಡಿದೆವು. ಸರಾಸರಿಯನ್ನು ವಯಸ್ಸಿನ ವರ್ಗಗಳಾಗಿ ಬಿಡಿಸಿ, ಪಕ್ಕದಲ್ಲಿ ಚಿತ್ರಗಳ ಸಂಖ್ಯೆಯನ್ನೂ ಬರೆಯಬೇಕು. ಸಂಖ್ಯೆಯನ್ನು ಬರೆಯುವುದಕ್ಕೆ ಕಾರಣವಿದೆ. ಎಂಟೇ ಚಿತ್ರಗಳಿಂದ ಬಂದ 42.5 ಎಂಬ ದೋಷವನ್ನು ಅರ್ಧ ವರ್ಷದಷ್ಟು ನಿಖರವೆಂದು ನಂಬುವಂತಿಲ್ಲ. ಬೇರೆ ಎಂಟು ಚಿತ್ರಗಳಾಗಿದ್ದರೆ 38 ಬರಬಹುದಾಗಿತ್ತು, 45 ಬರಬಹುದಾಗಿತ್ತು. ಬಹಳ ದೊಡ್ಡದೆಂಬುದು ಮಾತ್ರ ನಿಶ್ಚಯ.

ಎರಡನೆಯದಾಗಿ, ಮೊದಲು ನಾವು ಬಿಟ್ಟಿದ್ದ ಚಿಹ್ನೆಗಳನ್ನು ಮತ್ತೆ ಕರೆಯಬೇಕು. ಒಂದು ವರ್ಗದ ದೋಷಗಳನ್ನು ಚಿಹ್ನೆಸಹಿತವಾಗಿ ಕೂಡಿ ಸರಾಸರಿ ತೆಗೆದಾಗ ಅದು ಸೊನ್ನೆಯ ಹತ್ತಿರವಿದ್ದರೆ ಯಂತ್ರವು ಎರಡು ಕಡೆಗೂ ಸಮನಾಗಿ ತಪ್ಪುತ್ತಿದೆಯೆಂದು ಅರ್ಥ. ಚಿಕ್ಕ ವಯಸ್ಸಿನಲ್ಲಿ ಧನವೂ ದೊಡ್ಡ ವಯಸ್ಸಿನಲ್ಲಿ ಋಣವೂ ಆಗಿದ್ದರೆ ಯಂತ್ರವು ಎಲ್ಲರನ್ನೂ ನಡುವಿನ ಗುಂಪಿಗೆ ಎಳೆಯುತ್ತಿದೆಯೆಂದು ತಿಳಿಯಬೇಕು. ನಕ್ಷೆಯ ಕಾಗದದ ಮೇಲೆ ಅಡ್ಡಕ್ಕೆ ನಿಜವಾದ ವಯಸ್ಸನ್ನೂ ಲಂಬಕ್ಕೆ ಯಂತ್ರ ಹೇಳಿದ ವಯಸ್ಸನ್ನೂ ಗುರುತಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ದೋಷವಿಲ್ಲದ ಯಂತ್ರದ ಬಿಂದುಗಳು 45 ಅಂಶದ ಓರೆಗೆರೆಯ ಮೇಲೆ ಬೀಳುತ್ತವೆ. ನಡುವಿಗೆ ಎಳೆಯುವ ಯಂತ್ರದ ಬಿಂದುಗಳು ಅದಕ್ಕಿಂತ ಚಪ್ಪಟೆಯಾಗಿ ಮಲಗಿರುತ್ತವೆ.

ಆದರೆ ಕಂಡ ವ್ಯತ್ಯಾಸವನ್ನೆಲ್ಲ ಓರೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮಗುವಿನ ತಲೆಬುರುಡೆ, ದವಡೆ, ಮೂಗು ಇವು ವರ್ಷವರ್ಷಕ್ಕೂ ಬೆಳೆಯುವುದರಿಂದ ನಾಲ್ಕು ವರ್ಷದ ಮುಖವೂ ಏಳು ವರ್ಷದ ಮುಖವೂ ಸ್ಪಷ್ಟವಾಗಿ ಬೇರೆಯಾಗಿ ತೋರುತ್ತವೆ. ಬೆಳವಣಿಗೆ ನಿಂತ ಮೇಲೆ ವಯಸ್ಸು ಮುಖ್ಯವಾಗಿ ಚರ್ಮದ ಮೇಲೆ ತನ್ನ ಗುರುತನ್ನು ಮೂಡಿಸುತ್ತದೆ. ಬಿಸಿಲಿನಲ್ಲಿ ದುಡಿದವನ ಚರ್ಮವೂ ನೆರಳಿನಲ್ಲಿ ಬಾಳಿದವನ ಚರ್ಮವೂ ಒಂದೇ ವೇಗದಲ್ಲಿ ಸುಕ್ಕುಗಟ್ಟುವುದಿಲ್ಲ. ಆದುದರಿಂದ ಚಿತ್ರಗಳು ಸಮನಾಗಿದ್ದರೂ ದೊಡ್ಡವರಲ್ಲಿ ದೋಷವು ಸ್ವಲ್ಪ ಹೆಚ್ಚಾಗಿರುವುದೇ ಸಹಜ. ಇವೆರಡನ್ನೂ ಬೇರ್ಪಡಿಸುವ ಪ್ರಯೋಗ ಸುಲಭವಾದದ್ದು. ಪ್ರತಿಯೊಂದು ವರ್ಗದಿಂದಲೂ ಸಮಸಂಖ್ಯೆಯ ಚಿತ್ರಗಳನ್ನು ಮಾತ್ರ ಆರಿಸಿ ಅದೇ ಯಂತ್ರಕ್ಕೆ ಮತ್ತೊಮ್ಮೆ ಕಲಿಸಬೇಕು. ಆಗಲೂ ಉಳಿಯುವ ವ್ಯತ್ಯಾಸವು ಮುಖದ ಸ್ವಭಾವದ್ದು; ಅಳಿದುಹೋದ ವ್ಯತ್ಯಾಸವು ಓರೆಯದು.

ಪರಿಹಾರವೂ ಅದರ ಮಿತಿಯೂ

ಅಪರೂಪದ ವಯಸ್ಸಿನವರ ಚಿತ್ರಗಳನ್ನು ಇನ್ನಷ್ಟು ಕೂಡಿಹಾಕುವುದೇ ನೇರವಾದ ಪರಿಹಾರ. ಅದು ಸಾಧ್ಯವಾಗದಿದ್ದರೆ ಇರುವ ಚಿತ್ರಗಳಿಗೇ ಹೆಚ್ಚು ತೂಕ ಕೊಡಬಹುದು. 371 ಮಕ್ಕಳ ಚಿತ್ರಗಳಿಗೆ ಎಂಟು ವೃದ್ಧರ ಚಿತ್ರಗಳನ್ನು ಸರಿದೂಗಿಸಬೇಕಾದರೆ ಒಬ್ಬ ವೃದ್ಧನ ತಪ್ಪನ್ನು ಒಂದು ಮಗುವಿನ ತಪ್ಪಿನ 46 ಪಟ್ಟು ದೊಡ್ಡದೆಂದು ಯಂತ್ರಕ್ಕೆ ಹೇಳಬೇಕಾಗುತ್ತದೆ. ಆದರೆ ಇದರಲ್ಲಿ ಒಂದು ಅಪಾಯವುಂಟು. ಎಂಟು ಚಿತ್ರಗಳನ್ನು 46 ಸಲ ತೋರಿಸಿದ ಮಾತ್ರಕ್ಕೆ 368 ವೃದ್ಧರನ್ನು ತೋರಿಸಿದಂತಾಗುವುದಿಲ್ಲ. ಯಂತ್ರವು ಮುಪ್ಪಿನ ಲಕ್ಷಣವನ್ನು ಕಲಿಯುವ ಬದಲು ಆ ಎಂಟು ಚಿತ್ರಗಳಲ್ಲಿ ಆಕಸ್ಮಿಕವಾಗಿ ಕಂಡ ಕನ್ನಡಕವನ್ನೋ ಗಡ್ಡವನ್ನೋ ಬಾಯಿಪಾಠ ಮಾಡಿಬಿಡಬಹುದು. ಆಗ ಕಲಿಕೆಯ ಚಿತ್ರಗಳಲ್ಲಿ ದೋಷವು ಇಳಿದು, ಹೊಸ ಚಿತ್ರಗಳಲ್ಲಿ ಹಾಗೆಯೇ ಉಳಿಯುತ್ತದೆ. ಬಾಯಿಪಾಠವನ್ನು ಗುರುತಿಸುವ ಲಕ್ಷಣವೇ ಇದು.

2010ರಲ್ಲಿ ಷಿನ್ ಗೆಂಗ್ ಮತ್ತು ಅವರ ಸಂಗಡಿಗರು ಇದೇ ಎಫ್‌ಜಿ-ನೆಟ್ ಸಂಗ್ರಹದ ಮೇಲೆ ಇನ್ನೊಂದು ದಾರಿಯನ್ನು ತೋರಿಸಿದರು. 60 ವರ್ಷದ ಮುಖವು 59ರ ಮುಖಕ್ಕೂ 61ರ ಮುಖಕ್ಕೂ ಬಹುಮಟ್ಟಿಗೆ ಹೋಲುತ್ತದಷ್ಟೆ. ಆದುದರಿಂದ ಒಂದು ಚಿತ್ರವನ್ನು ಅದರ ವಯಸ್ಸೊಂದಕ್ಕೇ ಮೀಸಲಿಡದೆ, ಅಕ್ಕಪಕ್ಕದ ವಯಸ್ಸುಗಳಿಗೂ ಸ್ವಲ್ಪ ಸ್ವಲ್ಪವಾಗಿ ಹಂಚಿ ಕಲಿಸಬಹುದು. ಒಂದು ಚಿತ್ರವು ಹಲವು ವಯಸ್ಸುಗಳ ಕಲಿಕೆಗೆ ನೆರವಾಗುತ್ತದೆ. ನೆರೆಹೊರೆಯಲ್ಲಿ ಕೆಲವಾದರೂ ಚಿತ್ರಗಳಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಹದಿನಾರಕ್ಕಿಂತ ಕೆಳಗೆ ಏನೂ ಇಲ್ಲದ ಸಂಗ್ರಹದಿಂದ ಹನ್ನೆರಡು ವರ್ಷದ ಮುಖವನ್ನು ಯಾವ ತೂಕವೂ ಯಾವ ಹಂಚಿಕೆಯೂ ಸೃಷ್ಟಿಸಲಾರದು.

ಈ ಇಪ್ಪತ್ತು ವರ್ಷಗಳಲ್ಲಿ ಯಂತ್ರಗಳು ಬಹಳ ಸುಧಾರಿಸಿವೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವೀಸಾಕ್ಕಾಗಿ ತೆಗೆದ ಚಿತ್ರಗಳ ಮೇಲೆ 2014ರಲ್ಲಿ 4.3 ವರ್ಷವಿದ್ದ ಸರಾಸರಿ ದೋಷವು 3.1ಕ್ಕೆ ಇಳಿದಿತ್ತು. ಅದೇ ವರದಿಯು ಆ ಸರಾಸರಿಯೊಂದಕ್ಕೇ ತೃಪ್ತವಾಗದೆ ಸ್ತ್ರೀಪುರುಷ, ವಯಸ್ಸು, ಹುಟ್ಟಿದ ಪ್ರದೇಶ ಎಂದು ದೋಷವನ್ನು ಬಿಡಿಸಿ ತೋರಿಸಿತು. ಸ್ತ್ರೀಯರ ಮುಖಗಳಲ್ಲಿ ದೋಷವು ಬಹುಮಟ್ಟಿಗೆ ಎಲ್ಲೆಡೆಯೂ ಪುರುಷರದಕ್ಕಿಂತ ಹೆಚ್ಚಾಗಿ ಕಂಡುಬಂದಿತು. ಹೀಗೆ ಬಿಡಿಸಿ ತೋರಿಸದ ಯಾವ ಸರಾಸರಿಯನ್ನು ಕಂಡರೂ ಓದುವವನು ಎರಡು ಪ್ರಶ್ನೆಗಳನ್ನು ಕೇಳಬೇಕು: ಈ ಸರಾಸರಿಯಲ್ಲಿ ಯಾವ ವಯಸ್ಸಿನವರು ಎಷ್ಟು ಮಂದಿ ಇದ್ದರು? ನಾನು ಯಾರ ವಯಸ್ಸನ್ನು ಅಳೆಯಬೇಕಾಗಿದೆಯೋ ಅಂಥವರು ಅವರಲ್ಲಿ ಇದ್ದರೆ?

ಅಭ್ಯಾಸಕ್ಕೆ ಎರಡು ಲೆಕ್ಕಗಳು

1. ಒಂದು ಶಾಲೆಯಲ್ಲಿ ಪರೀಕ್ಷೆಗಾಗಿ 90 ವಿದ್ಯಾರ್ಥಿಗಳ ಮತ್ತು 10 ಉಪಾಧ್ಯಾಯರ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿದರು. ವಿದ್ಯಾರ್ಥಿಗಳಲ್ಲಿ ಸರಾಸರಿ ನಿರಪೇಕ್ಷ ದೋಷ 2 ವರ್ಷ, ಉಪಾಧ್ಯಾಯರಲ್ಲಿ 20 ವರ್ಷ. ನೂರು ಮಂದಿಯ ಸರಾಸರಿ ದೋಷವೆಷ್ಟು? ಎರಡು ಗುಂಪುಗಳಿಗೂ ಸಮನಾದ ತೂಕ ಕೊಟ್ಟರೆ ಎಷ್ಟು?

2. ಐವರ ವಯಸ್ಸು 12, 13, 13, 14 ಮತ್ತು 58. ಎಲ್ಲರಿಗೂ ಒಂದೇ ಉತ್ತರ ಹೇಳುವ ಯಂತ್ರವು 13 ಎಂದರೆ ಸರಾಸರಿ ನಿರಪೇಕ್ಷ ದೋಷವೆಷ್ಟು? 22 ಎಂದರೆ ಎಷ್ಟು?

ಉತ್ತರಗಳು: 1. 3.8 ವರ್ಷ, 11 ವರ್ಷ. 2. 9.4 ವರ್ಷ, 14.4 ವರ್ಷ.